ಕಾಂಪಿಟಿಟರ್ಸ್ ಸ್ಲೈಡ್‌ನಲ್ಲಿ ಅಮ್ಮ ಇರಲಿಲ್ಲ

ನಮ್ಮ ಎಂಟರ್‌ಪ್ರೆನ್ಯೂರ್‌ಶಿಪ್ ಕ್ಲಾಸಲ್ಲಿ ಪಿಚ್‌ಗೆ ಎಂಟು ನಿಮಿಷ, ಪ್ರಶ್ನೆಗಳಿಗೆ ಹನ್ನೆರಡು ನಿಮಿಷ. ಹೆಚ್ಚು ಮಾರ್ಕ್ಸ್ ಇರೋದು ಆ ಹನ್ನೆರಡು ನಿಮಿಷಕ್ಕೆ. ಪ್ರತಿ ಪಿಚ್‌ಗೂ ಒಬ್ಬರು ಎದುರು ಕೂತು ಬಂದ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು, ಆಮೇಲೆ ಆ ತಂಡದ ಜೊತೆ ಓಡಾಡಿ ಉತ್ತರ ಹುಡುಕಬೇಕು. ಈ ಸೆಮಿಸ್ಟರ್‌ನಲ್ಲಿ ನನ್ನ ಪಾಲಿಗೆ ಬಂದದ್ದು ನನ್ನ ಬೆಂಚ್‌ಮೇಟ್‌ನ ಲಾಂಡ್ರಿ ಐಡಿಯಾ. ನಾಗರಬಾವಿಯ ಪಿಜಿಗಳಿಂದ ಬಟ್ಟೆ ತಗೊಂಡು ಹೋಗೋದು, ಒಗೆದು ಮಡಚಿ ಎರಡು ದಿನದಲ್ಲಿ ವಾಪಸ್ ಕೊಡೋದು, ಕೆ.ಜಿ.ಗೆ 50 ರೂಪಾಯಿ. ಇಷ್ಟೇ ಐಡಿಯಾ.

ಇದರಲ್ಲಿ ಮಾರ್ಕ್ಸ್‌ಗಿಂತ ದೊಡ್ಡ ವಿಷಯ ಒಂದಿತ್ತು, ಅದು ಕ್ಲಾಸಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನ ಅಪ್ಪ ಎರಡು ಲಕ್ಷದ ಚೀಟಿ ಕಟ್ತಾ ಇದ್ದರು. ಮಗ ಸೀರಿಯಸ್ ಆಗಿದ್ದಾನೆ ಅಂತ ನೋಡಿ, ಆ ತಿಂಗಳೇ ಕೂಗಿ ಎತ್ತಿಕೊಡ್ತೀನಿ ಅಂದಿದ್ದರು. ಚೀಟಿ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು: ಬೇಗ ಎತ್ತಿದರೆ ಪೂರ್ತಿ ಎರಡು ಲಕ್ಷ ಕೈಗೆ ಬರಲ್ಲ. ಯಾರು ಹೆಚ್ಚು ಬಿಟ್ಟುಕೊಡ್ತಾರೋ ಅವರಿಗೆ ಸಿಗುತ್ತೆ. ಬಿಟ್ಟ ದುಡ್ಡು ಹೋಯ್ತು, ಉಳಿದ ತಿಂಗಳ ಕಂತು ಮಾತ್ರ ಕಟ್ತಾ ಇರಬೇಕು. ಅಂದರೆ ಆ ದುಡ್ಡಿಗೂ ಒಂದು ಬೆಲೆ ಇದೆ.

ಮೊದಲನೇ ಪ್ರಶ್ನೆ ಮಾರ್ಕೆಟ್ ಸೈಜ್ ಮೇಲೆ ಬಂತು. ಅವನ ಮೂರನೇ ಸ್ಲೈಡ್ ಹೀಗಿತ್ತು: ದೇಶದಲ್ಲಿ ಉನ್ನತ ಶಿಕ್ಷಣದಲ್ಲಿ ಇರೋರು 4.33 ಕೋಟಿ. ಇದು ಕೇಂದ್ರ ಸರ್ಕಾರದ 2021-22ರ ಸಮೀಕ್ಷೆಯ ಲೆಕ್ಕ, ಸರಿಯಾದ ನಂಬರ್. ಅದರಲ್ಲಿ 'ಬರೀ 1 ಪರ್ಸೆಂಟ್' ಜನ ತಿಂಗಳಿಗೆ ಎರಡು ಸಲ 200 ರೂಪಾಯಿ ಆರ್ಡರ್ ಕೊಟ್ಟರೂ ವರ್ಷಕ್ಕೆ ಸುಮಾರು 208 ಕೋಟಿ. ಗುಣಾಕಾರವೂ ಸರಿ ಇತ್ತು, ನಾನೇ ಮಾಡಿ ನೋಡಿದೆ.

ಮೇಡಂ ಗುಣಾಕಾರದ ಬಗ್ಗೆ ಏನೂ ಕೇಳಲಿಲ್ಲ. 'ನಿಮ್ಮ ಸ್ಕೂಟರ್ ಎಷ್ಟು ದೂರ ಹೋಗುತ್ತೆ?' ಅಂದರು.

'ಎರಡು ಕಿಲೋಮೀಟರ್ ಮೇಡಂ.'

'ಹಾಗಾದರೆ ಆ ಎರಡು ಕಿಲೋಮೀಟರ್ ಒಳಗೆ ಎಷ್ಟು ಜನ ಇದ್ದಾರೆ ಅಂತ ಹೇಳಿ. ಗುಲ್ಬರ್ಗದಲ್ಲಿ ಇರೋ ಸ್ಟೂಡೆಂಟ್ ನಿಮ್ಮ ಮಾರ್ಕೆಟ್ ಅಲ್ಲ.'

'ಬರೀ 1 ಪರ್ಸೆಂಟ್' ಅನ್ನೋ ಮಾತು ಕೇಳೋಕೆ ತುಂಬಾ ವಿನಯವಾಗಿದೆ. ಆದರೆ ಆ 1 ಪರ್ಸೆಂಟ್ ಎಲ್ಲಿಂದಲೂ ಬಂದದ್ದಲ್ಲ. ಯಾರೂ ಅದನ್ನು ಅಳೆದಿಲ್ಲ. ದೊಡ್ಡ ಸಂಖ್ಯೆಗೆ ಚಿಕ್ಕ ಸಂಖ್ಯೆ ಗುಣಿಸಿದರೆ ಬರೋ ಉತ್ತರ ದೊಡ್ಡದಾಗಿಯೇ ಇರುತ್ತೆ, ಅದರಿಂದ ಹೊಸದಾಗಿ ಏನೂ ಗೊತ್ತಾಗಲ್ಲ. ಇದಕ್ಕೆ ತಿರುಗಾಮುರುಗಾ ದಾರಿ ಅಂದರೆ ಕೆಳಗಿನಿಂದ ಎಣಿಸೋದು: ಒಂದು ಬೀದಿ, ಒಂದು ಬಿಲ್ಡಿಂಗ್, ಒಂದು ಮಹಡಿ.

ಮೂರು ಸಂಜೆ ನಾವು ನಡೆದ್ವಿ. ನಾಗರಬಾವಿ ಸರ್ಕಲ್‌ನಿಂದ ಬಿಡಿಎ ಕಾಂಪ್ಲೆಕ್ಸ್ ಸುತ್ತಮುತ್ತ, ಆಮೇಲೆ ಪಾಪರೆಡ್ಡಿಪಾಳ್ಯದ ಕಡೆ, ಕೊನೆಗೆ ಮಲ್ಲತ್ತಹಳ್ಳಿ ಕಡೆ. ಪಿಜಿ ಬೋರ್ಡ್ ಕಂಡಲ್ಲೆಲ್ಲ ಒಳಗೆ ಹೋಗಿ, ನೋಡಿಕೊಳ್ಳೋರನ್ನ ಎರಡೇ ಪ್ರಶ್ನೆ ಕೇಳೋದು: ಎಷ್ಟು ಜನ ಇದ್ದಾರೆ? ವಾಷಿಂಗ್ ಮೆಷಿನ್ ಇದೆಯಾ? ಒಬ್ಬರು 'ಏನಪ್ಪಾ, ಸೇರ್ಕೊಳ್ಳೋಕೆ ಬಂದ್ರಾ ಇಲ್ಲಾ ಸೆನ್ಸಸ್ಸಾ?' ಅಂತ ಕೇಳಿದರು. ಒಟ್ಟು 38 ಪಿಜಿ ಸಿಕ್ಕವು. ಸರಾಸರಿ 40 ಜನ. ಅಂದರೆ 1,520 ಜನ.

ಎರಡನೇ ಪ್ರಶ್ನೆಗೆ ಬಂದ ಉತ್ತರ ಹೆಚ್ಚು ಕೆಲಸಕ್ಕೆ ಬಂತು. 38ರಲ್ಲಿ 31 ಪಿಜಿಗಳ ಟೆರೇಸ್ ಮೇಲೆ ಆಗಲೇ ಮೆಷಿನ್ ಇತ್ತು, ಬಾಡಿಗೆಯಲ್ಲೇ ಸೇರಿದ್ದು. ಮೆಷಿನ್ ಇಲ್ಲದವು ಏಳು. ಏಳು ನಲವತ್ತಲೆ 280. 4.33 ಕೋಟಿಯಿಂದ ಶುರುವಾದ ಮಾರ್ಕೆಟ್ ಮೂರು ಸಂಜೆಯಲ್ಲಿ 280ಕ್ಕೆ ಬಂತು. ಮೆಷಿನ್ ಇರೋ ಪಿಜಿಯವರು ಬರೋದೇ ಇಲ್ಲ ಅಂತಲ್ಲ. ಆದರೆ ಅವರ ಮುಂದೆ ಹೋಲಿಕೆಗೆ ಇರೋ ಬೆಲೆ ಸೊನ್ನೆ. 50 ರೂಪಾಯಿ ಸೊನ್ನೆಯ ಜೊತೆ ಕುಸ್ತಿ ಆಡಬೇಕು.

ಮುಂದಿನ ಪ್ರಶ್ನೆಗಳು ಖರ್ಚಿನ ಮೇಲೆ. ಅವನ ಲೆಕ್ಕದಲ್ಲಿ ಒಂದು ಆರ್ಡರ್ ಅಂದರೆ 4 ಕೆ.ಜಿ., 200 ರೂಪಾಯಿ. ಸೋಪಿನ ಪುಡಿ, ನೀರು, ಕರೆಂಟ್ ಎಲ್ಲ ಸೇರಿ ಕೆ.ಜಿ.ಗೆ 10 ರೂಪಾಯಿ, ಅಂದರೆ 40. ಡೆಲಿವರಿ ಹುಡುಗನಿಗೆ 30. ಒಟ್ಟು ಖರ್ಚು 70, ಲಾಭ 130.

ಕ್ಲಾಸಿನವರು ಮೊದಲು ಹಿಡಿದದ್ದು ನೀರನ್ನ. ಸಹಜ. 2024ರ ಬೇಸಿಗೆ ಯಾರಿಗೂ ಮರೆತಿಲ್ಲ. 'ಟ್ಯಾಂಕರ್ ನೀರಲ್ಲಿ ಲಾಂಡ್ರಿ ನಡೆಸ್ತೀಯಾ?' ಅಂತ ಹಿಂದಿನ ಬೆಂಚಿಂದ ನಗು ಬಂತು. ಆದರೆ ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ, ಜಿಎಸ್‌ಟಿ ಬೇರೆ. ಅಂದರೆ ಲೀಟರ್‌ಗೆ ಹತ್ತು ಪೈಸೆಗಿಂತ ಸ್ವಲ್ಪ ಕಡಿಮೆ. ಒಂದು ಲೋಡ್‌ಗೆ ಧಾರಾಳವಾಗಿ 100 ಲೀಟರ್ ಅಂದುಕೊಂಡರೂ ಹತ್ತು ರೂಪಾಯಿ ದಾಟಲ್ಲ. ಒಂದು ಲೋಡ್‌ನಲ್ಲಿ 5 ಕೆ.ಜಿ. ಬಟ್ಟೆ ಹಾಕಿದರೆ ಕೆ.ಜಿ.ಗೆ 2 ರೂಪಾಯಿ. ಅವನ 10 ರೂಪಾಯಿ ಒಳಗೇ ಅದು ಬರುತ್ತೆ. ಟ್ಯಾಂಕರ್ ಸಿಗದೇ ಹೋದರೆ ಅಂಗಡಿಯೇ ಬಂದ್, ಅದು ಬೇರೆ ಮಾತು. ಆದರೆ ಎಲ್ಲರೂ ನಕ್ಕ ಖರ್ಚು ನಿಜಕ್ಕೂ ಸಣ್ಣದು.

ದೊಡ್ಡ ಖರ್ಚು ಬೇರೆ ಕಡೆ ಇತ್ತು, ಅದು ಯಾರಿಗೂ ನಗು ಬರಿಸಲಿಲ್ಲ. ಒಬ್ಬಳು ಕೈ ಎತ್ತಿ ಕೇಳಿದಳು: 'ಊಟದ ಆರ್ಡರ್ ಆದರೆ ಒಂದೇ ಸಲ ಹೋಗಿ ಕೊಟ್ಟು ಬಂದರೆ ಆಯ್ತು. ಬಟ್ಟೆಗೆ ಎರಡು ಸಲ ಹೋಗಬೇಕಲ್ವಾ? ತರೋಕೆ ಒಂದು ಸಲ, ಕೊಡೋಕೆ ಒಂದು ಸಲ?'

30 ಅಲ್ಲ, 60.

ಆಮೇಲೆ ಮೇಡಂ ಕೇಳಿದರು: 'ಬಟ್ಟೆ ವಿಂಗಡಿಸೋದು, ಒಣಹಾಕೋದು, ಮಡಚೋದು ಯಾರು? ಮೆಷಿನ್ ಇಡೋ ಜಾಗಕ್ಕೆ ಬಾಡಿಗೆ?' ನನ್ನ ನೋಟ್ಸ್‌ನಲ್ಲಿ ಇದನ್ನ ಎರಡು ಕಾಲಂ ಮಾಡಿ ಬರೆದೆ. ಎಡಗಡೆ ಆರ್ಡರ್ ಬಂದರೆ ಮಾತ್ರ ಆಗೋ ಖರ್ಚು: ಒಗೆಯೋದಕ್ಕೆ 40, ಎರಡು ಓಡಾಟಕ್ಕೆ 60, ಬ್ಯಾಗ್ ಮತ್ತು ಹೆಸರಿನ ಚೀಟಿಗೆ 5. ಒಟ್ಟು 105. 200ರಲ್ಲಿ ಉಳಿಯೋದು 95. ಬಲಗಡೆ ಆರ್ಡರ್ ಬರಲಿ ಬಿಡಲಿ ತಿಂಗಳಾದರೆ ಕೊಡಲೇಬೇಕಾದದ್ದು: ಚಿಕ್ಕ ಮಳಿಗೆಗೆ ಬಾಡಿಗೆ 15,000, ಒಬ್ಬ ಕೆಲಸದವರಿಗೆ 18,000, ರಿಪೇರಿ ಇತ್ಯಾದಿಗೆ 5,000. ಒಟ್ಟು 38,000.

ಈಗ ಬಲಗಡೆಯದನ್ನು ಎಡಗಡೆ ಉಳಿದದ್ದರಿಂದ ಭಾಗಿಸಬೇಕು. 38,000 ಭಾಗಿಸು 95, ಅಂದರೆ 400. ತಿಂಗಳಿಗೆ 400 ಆರ್ಡರ್ ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಬ್ಬರು ತಿಂಗಳಿಗೆ ಎರಡು ಸಲ ಕೊಟ್ಟರೆ 200 ಗ್ರಾಹಕರು ಬೇಕು. ನಾವು ಎಣಿಸಿದ, ಮೆಷಿನ್ ಇಲ್ಲದ ಪಿಜಿಗಳಲ್ಲಿ ಇರೋದೇ 280 ಜನ. ಹತ್ತರಲ್ಲಿ ಏಳು ಜನ ಬಂದರೆ ಬರೀ ಅಸಲು. ಮಾರ್ಕೆಟ್ ಸೈಜ್ ಬೇರೆ ಸ್ಲೈಡ್, ಖರ್ಚು ಬೇರೆ ಸ್ಲೈಡ್ ಅಂತ ಇಟ್ಟರೆ ಇದು ಕಾಣಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಾಗ ಮಾತ್ರ ಒಂದಕ್ಕೊಂದು ಮಾತಾಡ್ತವೆ.

ಇನ್ನೊಂದಿತ್ತು, ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತಿರೋದು: ಅಡ್ವಾನ್ಸ್. ಅವನು ನೋಡಿದ್ದ ಮಳಿಗೆಯ ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದರು, ಅಂದರೆ ಒಂದೂವರೆ ಲಕ್ಷ. ಅದು ಖರ್ಚಲ್ಲ, ಬಿಡುವಾಗ ವಾಪಸ್ ಬರುತ್ತೆ, ಹಾಗಾಗಿ ಅವನ ಲಾಭ-ನಷ್ಟದ ಸ್ಲೈಡ್‌ನಲ್ಲಿ ಇರಲಿಲ್ಲ. ಇಲ್ಲದೇ ಇದ್ದದ್ದು ತಪ್ಪೂ ಅಲ್ಲ. ಆದರೆ ಚೀಟಿಯಿಂದ ಬರೋ ದುಡ್ಡಿನಲ್ಲಿ ಹೆಚ್ಚಿನದ್ದೆಲ್ಲ ಓನರ್ ಹತ್ತಿರ ಕೂತುಬಿಡ್ತಾ ಇತ್ತು. ಮೆಷಿನ್‌ಗೆ ಉಳಿಯೋದು ಚಿಲ್ಲರೆ. ಖರ್ಚು ಎಷ್ಟು ಅನ್ನೋದು ಒಂದು ಪ್ರಶ್ನೆ, ಕೈಯಲ್ಲಿ ದುಡ್ಡು ಎಷ್ಟು ಬೇಕು ಅನ್ನೋದು ಬೇರೆಯೇ ಪ್ರಶ್ನೆ.

ಮೂರನೇ ಸುತ್ತಿನಲ್ಲಿ ಮೇಡಂ ಬೋರ್ಡ್ ಮೇಲೆ 'ಅಂದುಕೊಂಡಿದ್ದು' ಅಂತ ಬರೆದರು. ಅಸಂಪ್ಷನ್ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಕನ್ನಡ ನನಗೆ ಸಿಕ್ಕಿಲ್ಲ. ಇಂಗ್ಲಿಷ್‌ನಲ್ಲಿ ಅಸಂಪ್ಷನ್ ಅಂದಾಗ ಏನೋ ಗಣಿತದ ಥರ ಗಂಭೀರವಾಗಿ ಕೇಳಿಸುತ್ತೆ. 'ನೀವು ಹೀಗೆ ಅಂದುಕೊಂಡಿದ್ದೀರಿ' ಅಂದಾಗ, ಹೌದಲ್ವಾ, ಬರೀ ಅಂದುಕೊಂಡಿದ್ದು ಅಂತ ತಕ್ಷಣ ಗೊತ್ತಾಗುತ್ತೆ.

ಅವರು ರೆಡ್‌ಬಸ್ ಉದಾಹರಣೆ ಕೊಟ್ಟರು. ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದ ಫಣೀಂದ್ರ ಸಾಮ ಅವರಿಗೆ 2005ರ ದೀಪಾವಳಿಗೆ ಹೈದರಾಬಾದ್‌ಗೆ ಬಸ್ ಟಿಕೆಟ್ ಸಿಗಲಿಲ್ಲ. ಎಲ್ಲೋ ಒಂದು ಬಸ್ಸಲ್ಲಿ ಸೀಟ್ ಖಾಲಿ ಇರಬಹುದು, ಆದರೆ ಯಾವ ಏಜೆಂಟ್‌ಗೂ ಎಲ್ಲ ಬಸ್ಸಿನ ಲೆಕ್ಕ ಕಾಣಲ್ಲ. ಇದಕ್ಕೆ ಅವರೂ ಅವರ ಗೆಳೆಯರೂ ಸೇರಿ ಸಾಫ್ಟ್‌ವೇರ್ ಬರೆದು ಬಸ್ ಮಾಲೀಕರ ಹತ್ತಿರ ಹೋದರು. ಮಾಲೀಕರಿಗೆ ಸಾಫ್ಟ್‌ವೇರ್ ಬೇಕಿರಲಿಲ್ಲ. ಆಗ ಅವರು ದಿಕ್ಕು ಬದಲಿಸಿದರು: ಸಾಫ್ಟ್‌ವೇರ್ ಬೇಡ, ಸೀಟ್ ಕೊಡಿ, ನಾವೇ ಮಾರಿಕೊಡ್ತೀವಿ. 2006ರಲ್ಲಿ ರೆಡ್‌ಬಸ್ ಶುರುವಾದದ್ದು ಹೀಗೆ. 2013ರಲ್ಲಿ ಅದನ್ನ ಐಬಿಬೋ ಗ್ರೂಪ್ ಕೊಂಡುಕೊಂಡಿತು.

ಇದರಲ್ಲಿ ಗಮನಿಸಬೇಕಾದದ್ದು, ಸಮಸ್ಯೆ ನಿಜವಾದದ್ದೇ. ಟಿಕೆಟ್ ಸಿಗದ ನೋವು ಯಾರೂ ಊಹಿಸಿದ್ದಲ್ಲ. ಆದರೆ 'ಸಮಸ್ಯೆ ಇದೆ' ಅನ್ನೋದು ಒಂದು ಮಾತು, 'ಅದಕ್ಕೆ ನಾನು ಕೊಡೋ ಈ ಪರಿಹಾರವನ್ನ ಈ ವ್ಯಕ್ತಿ ತಗೊಳ್ತಾನೆ' ಅನ್ನೋದು ಇನ್ನೊಂದು ಮಾತು. ಮೊದಲನೆಯದು ನಿಜವಾದರೆ ಎರಡನೆಯದೂ ನಿಜ ಅಂತ ಆಗಲ್ಲ.

ಲಾಂಡ್ರಿಯಲ್ಲೂ ಹಾಗೇ. ಬಟ್ಟೆ ಒಗೆಯೋದು ಯಾರಿಗೂ ಇಷ್ಟ ಇಲ್ಲ. ಅವನು ಪಿಚ್‌ಗೆ ಮುಂಚೆ ಗೂಗಲ್ ಫಾರ್ಮ್ ಕಳಿಸಿದ್ದ, 30 ಜನರಲ್ಲಿ 24 ಜನ 'ಹೌದು, ಬಳಸ್ತೀನಿ' ಅಂತ ಒತ್ತಿದ್ದರು. 80 ಪರ್ಸೆಂಟ್ ಅಂತ ಸ್ಲೈಡ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಇತ್ತು. ಆದರೆ ಫಾರ್ಮ್‌ನಲ್ಲಿ ಹೌದು ಅನ್ನೋಕೆ ದುಡ್ಡು ಖರ್ಚಾಗಲ್ಲ, ಜೊತೆಗೆ ಕೇಳ್ತಿರೋನು ಫ್ರೆಂಡ್.

'ಮೆಷಿನ್ ಇಲ್ಲದೇ ಇದನ್ನ ಟೆಸ್ಟ್ ಮಾಡೋಕೆ ಆಗುತ್ತಾ?' ಅಂತ ಮೇಡಂ ಕೇಳಿದರು. ಆಗುತ್ತೆ. ಹೌದು ಅಂದ ಆ 24 ಜನರ ಹತ್ತಿರವೇ ಹೋಗಿ ಬಟ್ಟೆ ತಗೊಳ್ಳೋದು, ತೂಕ ಹಾಕೋದು, 50ರ ಲೆಕ್ಕದಲ್ಲಿ ದುಡ್ಡನ್ನ ಆಗಲೇ ಈಸ್ಕೊಳ್ಳೋದು, ಹತ್ತಿರದ ಲಾಂಡ್ರಿ ಅಂಗಡಿಗೆ ಕೊಟ್ಟು ಒಗೆಸಿ ವಾಪಸ್ ಕೊಡೋದು. ಇದರಲ್ಲಿ ಪ್ರತಿ ಕೆ.ಜಿ.ಗೂ ನಷ್ಟ ಆಗುತ್ತೆ, ಆದರೆ ಒಟ್ಟು ಕೆಲವು ನೂರು ರೂಪಾಯಿಯ ಮಾತು. ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟು ತಿಳಿದುಕೊಳ್ಳೋದಕ್ಕಿಂತ ಅಗ್ಗ. ಟೆಸ್ಟ್‌ಗೆ ಮುಂಚೆಯೇ ಪಾಸ್-ಫೇಲ್ ಬರೆದಿಡಬೇಕು ಅಂತಲೂ ಮೇಡಂ ಹೇಳಿದರು, ಇಲ್ಲದಿದ್ದರೆ ಬಂದ ಉತ್ತರಕ್ಕೆ ತಕ್ಕ ಹಾಗೆ ಅರ್ಥ ಕಟ್ಟಿಕೊಳ್ತೀವಿ. ಅವನು ಬರೆದ: 24ರಲ್ಲಿ 12 ಜನ ಎರಡನೇ ಸಲವೂ ಕೊಟ್ಟರೆ ಪಾಸ್.

ಮೊದಲ ವಾರ 9 ಜನ ಕೊಟ್ಟರು. ಎರಡು ವಾರ ಬಿಟ್ಟು ಮತ್ತೆ ಹೋದಾಗ ಕೊಟ್ಟವರು 3.

ಕೊಡದವರನ್ನ ಯಾಕೆ ಅಂತ ಕೇಳಿದ್ವಿ. ಕೆಲವರು ಟೆರೇಸ್ ಮೆಷಿನ್ ಅಂದರು, ಅದು ನಿರೀಕ್ಷೆ ಇದ್ದದ್ದೇ. ಹೆಚ್ಚಿನವರ ಉತ್ತರ ಬೇರೆ: 'ಊರಿಗೆ ಹೋಗ್ತೀನಲ್ಲ ಮಗಾ.' ತುಮಕೂರು, ಮಂಡ್ಯ, ರಾಮನಗರದವರು ಶನಿವಾರ ಬ್ಯಾಗ್ ತುಂಬ ಬಟ್ಟೆ ತಗೊಂಡು ಹೋಗಿ, ಭಾನುವಾರ ರಾತ್ರಿ ಒಗೆದು ಮಡಚಿದ್ದನ್ನ, ಜೊತೆಗೆ ಚಟ್ನಿಪುಡಿಯನ್ನೂ ತರ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಖರ್ಚೂ ಇಲ್ಲ. ಅವನ ಕಾಂಪಿಟಿಟರ್ಸ್ ಸ್ಲೈಡ್‌ನಲ್ಲಿ ನಾಲ್ಕು ಆ್ಯಪ್‌ಗಳ ಲೋಗೋ ಇತ್ತು. ಅಮ್ಮ ಇರಲಿಲ್ಲ.

ಇದೂ ಮುಖ್ಯ, ಆದರೆ ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ತೂಕದ ಮೆಷಿನ್ ತೋರಿಸಿದ ನಂಬರ್. ಬಂದ 12 ಆರ್ಡರ್‌ಗಳ ಸರಾಸರಿ ತೂಕ 2.5 ಕೆ.ಜಿ. ಅವನ ಲೆಕ್ಕದಲ್ಲಿ ಇದ್ದದ್ದು 4. ಕ್ಲಾಸಲ್ಲಿ ಅಷ್ಟು ಪ್ರಶ್ನೆ ಬಂದರೂ ಈ 4ರ ಮೇಲೆ ಯಾರೂ ಕೈ ಇಟ್ಟಿರಲಿಲ್ಲ. ಎಲ್ಲಿಂದ ಬಂತು ಅಂತ ನಾನು ಕೇಳಿದಾಗ 'ನನ್ನ ಬ್ಯಾಗ್ ತೂಕ ಹಾಕಿದ್ದೆ ಕಣೋ' ಅಂದ. ಅವನು ಊರಿಗೆ ಹೋಗೋದು ಎರಡು ತಿಂಗಳಿಗೊಮ್ಮೆ.

4ರ ಬದಲು 2.5 ಹಾಕಿ ಲೆಕ್ಕ ಮತ್ತೆ ಮಾಡಿದ್ವಿ. ಬರೋದು 125 ರೂಪಾಯಿ. ಒಗೆಯೋ ಖರ್ಚು 25ಕ್ಕೆ ಇಳಿಯುತ್ತೆ. ಬ್ಯಾಗ್ 5. ಆದರೆ ಎರಡು ಓಡಾಟದ 60 ಹಾಗೇ ಇರುತ್ತೆ, ಸ್ಕೂಟರ್‌ಗೆ ಬ್ಯಾಗ್ ಹಗುರವಾದರೂ ದೂರ ಅಷ್ಟೇ. ಖರ್ಚು 90, ಉಳಿಯೋದು 35. 38,000 ಭಾಗಿಸು 35, ಸುಮಾರು 1,086 ಆರ್ಡರ್. ತಿಂಗಳಿಗೆ ಎರಡರಂತೆ 543 ಗ್ರಾಹಕರು. ನಾವು ಎಣಿಸಿದ ಎಲ್ಲ ಪಿಜಿಗಳ ಎಲ್ಲ 1,520 ಜನರಲ್ಲಿ ಮೂರರಲ್ಲೊಬ್ಬರು, ಮೆಷಿನ್ ಇದ್ದರೂ, ಅಮ್ಮ ಇದ್ದರೂ, ತಿಂಗಳಿಗೆ ಎರಡು ಸಲ ಕೊಡಬೇಕು.

ತೂಕ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕಡಿಮೆಯಾಯ್ತು, ಬೇಕಾದ ಆರ್ಡರ್ ಎರಡೂವರೆ ಪಟ್ಟಿಗಿಂತ ಹೆಚ್ಚಾಯ್ತು. ಯಾಕೆ ಅಂದರೆ ಖರ್ಚಿನ ದೊಡ್ಡ ಭಾಗ ಕೆ.ಜಿ. ಮೇಲೆ ನಿಂತಿಲ್ಲ, ಓಡಾಟದ ಮೇಲೆ ನಿಂತಿದೆ. ಯಾವ ಅಂದುಕೊಂಡಿದ್ದನ್ನ ಮೊದಲು ಟೆಸ್ಟ್ ಮಾಡಬೇಕು ಅನ್ನೋದನ್ನ ಹೀಗೆ ಕಂಡುಹಿಡಿಯಬಹುದು: ಲೆಕ್ಕದ ಹಾಳೆಯಲ್ಲಿ ಒಂದೊಂದೇ ನಂಬರನ್ನ ಅರ್ಧಕ್ಕೆ ಇಳಿಸಿ ಅಥವಾ ದುಪ್ಪಟ್ಟು ಮಾಡಿ ನೋಡೋದು. ನೀರಿನ ರೇಟ್ ದುಪ್ಪಟ್ಟಾದರೆ 4 ಕೆ.ಜಿ. ಆರ್ಡರ್‌ನಲ್ಲಿ 95 ಇದ್ದದ್ದು 87 ಆಗುತ್ತೆ, ವ್ಯಾಪಾರ ಬದುಕುತ್ತೆ. ತೂಕ ಅರ್ಧವಾದರೆ 200 ಇದ್ದದ್ದು 100, ಖರ್ಚು 85, ಉಳಿಯೋದು 15. ವ್ಯಾಪಾರ ಮುಗೀತು. ಯಾವ ನಂಬರ್ ಅಲುಗಾಡಿದರೆ ಇಡೀ ಮನೆ ಬೀಳುತ್ತೋ ಅದನ್ನ ಮೊದಲು ಅಳೀಬೇಕು. ಇಲ್ಲಿ ಅದನ್ನ ಅಳೆಯೋಕೆ ಬೇಕಿದ್ದದ್ದು ಒಂದು ಕೈ ತಕ್ಕಡಿ.

ಆ ತಿಂಗಳ ಚೀಟಿ ಅವನ ಅಪ್ಪ ಎತ್ತಲಿಲ್ಲ. 'ಬೇಡ ಅಪ್ಪ, ಕೊನೇವರೆಗೂ ಇರಲಿ' ಅಂತ ಅವನೇ ಹೇಳಿದ. ಮನೆಯಲ್ಲಿ ಕಾರಣ ಕೇಳಿದಾಗ ಸ್ಲೈಡ್ ತೋರಿಸಲಿಲ್ಲ, ನನ್ನ ನೋಟ್ಸ್‌ನ ಆ ಎರಡು ಕಾಲಂ ಹಾಳೆಯ ಫೋಟೋ ತೋರಿಸಿದನಂತೆ. ಅವನ ಅಪ್ಪ ಆಟೋ ಓಡಿಸ್ತಾರೆ. ಎಡ ಕಾಲಂ, ಬಲ ಕಾಲಂ ಏನು ಅಂತ ವಿವರಿಸೋ ಮುಂಚೆಯೇ ಗ್ಯಾಸ್ ಮತ್ತು ಇಎಂಐ ಅಂತ ಅವರಿಗೆ ಅರ್ಥವಾಯ್ತಂತೆ.

ಈ ಟೆಸ್ಟ್‌ಗೂ ಮಿತಿ ಇದೆ, ಅದನ್ನ ರಿಪೋರ್ಟ್‌ನಲ್ಲಿ ಬರೆದಿದ್ದೀವಿ. 24 ಜನ ಬಹಳ ಕಡಿಮೆ, ಮತ್ತು ಎಲ್ಲರೂ ಅವನಿಗೆ ಪರಿಚಯದವರು. ನಾವು ಮಾಡಿದ್ದು ಮಾರ್ಚ್‌ನಲ್ಲಿ, ಟೆರೇಸ್ ಮೇಲೆ ಹಾಕಿದ ಜೀನ್ಸ್ ಮಧ್ಯಾಹ್ನಕ್ಕೆ ಒಣಗೋ ಕಾಲ. ಜೂನ್ ಆದಮೇಲೆ ಪಿಜಿಯಲ್ಲಿ ಬಟ್ಟೆ ಮೂರು ದಿನ ಒಣಗದೆ ವಾಸನೆ ಬರೋಕೆ ಶುರುವಾದಾಗ ಹೆಚ್ಚು ಜನ ಕೊಡಬಹುದು. ಆದರೆ ಆಗ ಅವನೂ ಬಿಸಿಲಲ್ಲಿ ಒಣಗಿಸೋಕೆ ಆಗಲ್ಲ, ಡ್ರೈಯರ್ ಹಾಕಬೇಕು, ಎಡ ಕಾಲಂನಲ್ಲಿ ಕರೆಂಟ್ ಖರ್ಚು ಏರುತ್ತೆ. ಅದೇ ಮಳೆ ಗ್ರಾಹಕರನ್ನೂ ತರುತ್ತೆ, ಖರ್ಚನ್ನೂ ತರುತ್ತೆ. ಯಾವುದು ಹೆಚ್ಚು ಅನ್ನೋದು ಮಾರ್ಚ್‌ನ ಲೆಕ್ಕದಿಂದ ಗೊತ್ತಾಗಲ್ಲ.

ಎರಡನೇ ಸಲವೂ ಬಟ್ಟೆ ಕೊಟ್ಟ ಆ ಮೂವರ ಬಗ್ಗೆಯೂ ಒಂದು ಸಾಲು ಬರೆದಿದ್ದೀವಿ. ಮೂವರೂ ಇಂಟರ್ನ್‌ಶಿಪ್‌ಗೆ ಹೋಗ್ತಿರೋ ಫೈನಲ್ ಇಯರ್‌ನವರು, ಮೂವರೂ ಕೇಳಿದ್ದು ಒಂದೇ ಪ್ರಶ್ನೆ: 'ಶರ್ಟ್‌ಗೆ ಇಸ್ತ್ರಿ ಹಾಕಿಸಿಕೊಡ್ತೀರಾ?' ಮೂರು ಜನ ಅಂದರೆ ಮಾರ್ಕೆಟ್ ಅಲ್ಲ. ಆದರೆ ಮೊದಲ ಸಲ ಗ್ರಾಹಕರೇ ಬಾಯಿಬಿಟ್ಟು ಏನು ಬೇಕು ಅಂತ ಹೇಳಿದ್ದು ಅದು. ಇಸ್ತ್ರಿ ಆದರೆ ಒಂದು ಆರ್ಡರ್‌ನಲ್ಲಿ ಎಷ್ಟು ಶರ್ಟ್ ಬರುತ್ತೆ, ಬೀದಿ ಕೊನೆಯಲ್ಲಿ ಗಾಡಿ ಇಟ್ಟುಕೊಂಡಿರೋ ಅಣ್ಣನಿಗೆ ಕೊಟ್ಟು ಮಿಕ್ಕೋದು ಎಷ್ಟು, ಅಲ್ಲೂ ಎರಡು ಓಡಾಟ ಇದ್ದೇ ಇರುತ್ತಲ್ಲ ಅಂತ ಅವನು ಈಗ ಹೊಸ ಹಾಳೆಯಲ್ಲಿ ಎರಡು ಕಾಲಂ ಎಳೆದಿದ್ದಾನೆ. ಶರ್ಟ್ ಸಂಖ್ಯೆಯ ಜಾಗವನ್ನ ಮಾತ್ರ ಖಾಲಿ ಬಿಟ್ಟಿದ್ದಾನೆ.